ಪಾಕೀಟಿನ ದುಡ್ಡು ಎಲ್ಲಿ ಇಳಿಯುತ್ತದೆ?

ಪ್ರಶ್ನೆ: ಓಟು ಗುಪ್ತ ಅಲ್ವಾ? ದುಡ್ಡು ತಗೊಂಡು ಬೇರೆಯವರಿಗೆ ಒತ್ತಿದ್ರೆ ಕೊಟ್ಟವನಿಗೆ ಗೊತ್ತೇ ಆಗಲ್ಲ. ಹಾಗಿದ್ದೂ ಮುಂಬೈ ಕಾರ್ಪೊರೇಷನ್ ಎಲೆಕ್ಷನ್‌ನಲ್ಲಿ ಯಾಕೆ ಹಂಚ್ತಾರೆ? ಪೇಪರ್‌ಗಳಲ್ಲಿ ಇದಕ್ಕೆ ಪ್ರಿನ್ಸಿಪಲ್-ಏಜೆಂಟ್ ಅಂತಾರಂತೆ, ಏನದು?

ನಮ್ಮ ತಂದೆ ಮಾಟುಂಗಾದ ಒಂದು ಉಡುಪಿ ಹೋಟೆಲ್‌ನ ಗಲ್ಲಾದಲ್ಲಿ ಕೂರುತ್ತಿದ್ದರು. ಧಣಿ ಬರುತ್ತಿದ್ದದ್ದು ರಾತ್ರಿ, ಒಂದೇ ಒಂದು ಸಲ. ಇಡೀ ದಿನ ಎಷ್ಟು ಚಹಾ ಹೋಯಿತು, ಯಾರಿಗೆ ಪುಕ್ಕಟೆ ಹೋಯಿತು ಅನ್ನೋದು ಅವರ ಕಣ್ಣಿಗೆ ಬೀಳುತ್ತಿರಲಿಲ್ಲ. ಹಾಲಿನ ಪ್ಯಾಕೆಟ್ ಎಣಿಸಿ ಗಲ್ಲಾದ ಮೊತ್ತಕ್ಕೆ ತಾಳೆ ಹಾಕುತ್ತಿದ್ದರು, ಅಷ್ಟೆ. ಪ್ರಿನ್ಸಿಪಲ್ ಅಂದರೆ ಆ ಧಣಿ, ಏಜೆಂಟ್ ಅಂದರೆ ಗಲ್ಲಾದವರು. ಕೆಲಸ ಕಾಣುವುದಿಲ್ಲ, ಫಲಿತಾಂಶ ಮಾತ್ರ ಕಾಣುತ್ತದೆ. ತೊಂದರೆ ಶುರುವಾಗುವುದೇ ಅಲ್ಲಿಂದ.

ಚುನಾವಣೆಗೆ ಇದನ್ನು ಹಚ್ಚುವಾಗ ಜನ ಅಭ್ಯರ್ಥಿಯನ್ನು ಧಣಿ, ಮತದಾರನನ್ನು ಆಳು ಅಂದುಕೊಳ್ಳುತ್ತಾರೆ. ನಿಮ್ಮ ಪ್ರಶ್ನೆ ಹುಟ್ಟಿದ್ದೂ ಹಾಗೇ. ಆದರೆ ಅಭ್ಯರ್ಥಿ ಮತದಾರನ ಬಾಗಿಲಿಗೆ ಪಾಕೀಟು ಹಿಡಿದು ಬರುವುದೇ ಇಲ್ಲ. ಮುಂಬೈ ಪಾಲಿಕೆಯಲ್ಲಿ 227 ವಾರ್ಡ್‌ಗಳಿವೆ. 2011ರ ಜನಗಣತಿ ಲೆಕ್ಕ ಹಿಡಿದರೂ ವಾರ್ಡಿಗೆ ಐವತ್ತು ಸಾವಿರ ಜನ ದಾಟುತ್ತಾರೆ. ಯಾವ ಖೋಲಿಯಲ್ಲಿ ಯಾರಿದ್ದಾರೆ ಅಂತ ಅಭ್ಯರ್ಥಿಗೆ ಏನು ಗೊತ್ತು? ಗೊತ್ತಿರುವುದು ನಡುವಿನ ಕಾರ್ಯಕರ್ತನಿಗೆ. ಅದಕ್ಕೇ ಈ ವಿಷಯದಲ್ಲಿ ನಿಜವಾದ ಜೋಡಿ ಅಭ್ಯರ್ಥಿ ಮತ್ತು ಆ ಕಾರ್ಯಕರ್ತ.

ನಮ್ಮ ಚಾಳಿನಲ್ಲೂ ಅಂಥ ಒಬ್ಬರಿದ್ದರು. ಎಲ್ಲರೂ ಅಣ್ಣ ಅಂತಲೇ ಕರೆಯುತ್ತಿದ್ದೆವು. ರೇಷನ್ ಕಾರ್ಡಿಗೆ ಅವರು, ನಲ್ಲಿಯಲ್ಲಿ ನೀರು ಬರದಿದ್ದರೆ ಅವರು, ಮಗುವಿಗೆ ಶಾಲೆ ಸಿಗದಿದ್ದರೂ ಅವರೇ. 2017ರ ಫೆಬ್ರವರಿಯಲ್ಲಿ ಅಣ್ಣ ನಮ್ಮನೆಗೆ ಮತದಾರರ ಚೀಟಿ ಕೊಡಲು ಬಂದರು. ಕೈಯಲ್ಲಿ ಯಾದಿ, ಕಿವಿಗೆ ಪೆನ್ಸಿಲ್. ಅಮ್ಮನ ಹೆಸರಿನ ಮುಂದೆ ಆಗಲೇ ಟಿಕ್ ಬಿದ್ದಿತ್ತು. ಅಮ್ಮ ಎಂದಿನಿಂದಲೂ ಆ ಪಕ್ಷಕ್ಕೇ ಹಾಕುವವರು, ಅದು ಅಣ್ಣನಿಗೂ ಗೊತ್ತು. ಆದರೂ ಚೀಟಿಯ ಜೊತೆ ಪಾಕೀಟು ಬಂತು. ಎದುರು ಖೋಲಿಯವರು ಯಾರಿಗೆ ಹಾಕುತ್ತಾರೆಂದು ಯಾರಿಗೂ ತಿಳಿಯದು, ಅಲ್ಲಿಗೆ ಬರೀ ಚೀಟಿ ಹೋಯಿತು. ನನಗೆ ಆಗ ಇದು ತಲೆಕೆಳಗಾಗಿ ಕಂಡಿತ್ತು. ಓಟು ಕೊಳ್ಳುವವರು ಅನುಮಾನದ ಮನೆಗೆ ಕೊಡಬೇಕಲ್ಲ?

ಇದೇ ಗಂಟನ್ನು ರಾಜಕೀಯ ವಿಜ್ಞಾನಿ ಸೂಸನ್ ಸ್ಟೋಕ್ಸ್ ಮತ್ತು ಸಂಗಡಿಗರು ಅರ್ಜೆಂಟೀನಾದ ಇಂಥ ನಡುವಿನವರನ್ನು, ಅಂದರೆ ದಲ್ಲಾಳಿಗಳನ್ನು ಮಾತಾಡಿಸಿ, 2013ರ ಪುಸ್ತಕದಲ್ಲಿ ಬಿಡಿಸಿದ್ದಾರೆ. ಅಭ್ಯರ್ಥಿಗೆ ಬೇಕಾದದ್ದು ಹೊಸ ಓಟು. ದಲ್ಲಾಳಿಗೆ ಬೇಕಾದದ್ದು ತನ್ನ ಹಿಂದೆ ಇಷ್ಟು ಜನ ಇದ್ದಾರೆ ಎಂಬ ತೋರಿಕೆ. ಆ ತೋರಿಕೆಗೆ ತನ್ನವರೇ ಅಗ್ಗ: ಬೇಡ ಅನ್ನುವುದಿಲ್ಲ, ಎದುರು ಪಕ್ಷಕ್ಕೆ ಸುದ್ದಿ ಮುಟ್ಟಿಸುವುದಿಲ್ಲ, ಕರೆದರೆ ಸಭೆಗೂ ಬರುತ್ತಾರೆ.

ಒಂದು ಲೆಕ್ಕ ಮಾಡೋಣ, ಅಂಕಿ ನನ್ನ ಕಲ್ಪನೆಯದು. ಬೂತಿನಲ್ಲಿ 1,000 ಹೆಸರು. ಕಳೆದ ಸಲ ಅಭ್ಯರ್ಥಿಗೆ 200 ಓಟು ಬಿದ್ದಿತ್ತು. ಈ ಸಲ ಅವನು ಐನೂರರ 300 ಪಾಕೀಟು, ಅಂದರೆ ಒಂದೂವರೆ ಲಕ್ಷ ಕೊಟ್ಟ. ದಲ್ಲಾಳಿ 100 ಪಾಕೀಟು ಇಟ್ಟುಕೊಂಡ, 150 ತನ್ನವರಿಗೆ ಹಂಚಿದ, 50 ಮಾತ್ರ ಅನುಮಾನದ ಮನೆಗಳಿಗೆ ಹೋಯಿತು. ಎಣಿಕೆಯಲ್ಲಿ 225 ಬಂತು. ದಲ್ಲಾಳಿ ಎದೆ ಉಬ್ಬಿಸಿ '225 ಓಟು ನಾನು ತಂದೆ' ಅನ್ನುತ್ತಾನೆ. ಅಭ್ಯರ್ಥಿ ಸ್ವಲ್ಪ ಜಾಣನಾದರೆ ಹೆಚ್ಚಾದ 25ನ್ನು ಲೆಕ್ಕ ಹಿಡಿಯುತ್ತಾನೆ, ಓಟಿಗೆ ಆರು ಸಾವಿರ. ಇನ್ನೂ ಜಾಣನಾದರೆ, ಒಂದು ಪಾಕೀಟೂ ಹೋಗದ ಪಕ್ಕದ ಬೂತ್ ನೋಡುತ್ತಾನೆ. ಅಲ್ಲೂ 20 ಏರಿದ್ದರೆ ಅದು ಗಾಳಿ. ದುಡ್ಡಿನ ಪಾಲಿಗೆ ಉಳಿದದ್ದು ಐದೇ ಓಟು, ಒಂದೊಂದಕ್ಕೆ ಮೂವತ್ತು ಸಾವಿರ.

ತನ್ನವರಿಗೆ ಕೊಟ್ಟ 150 ಪೂರ್ತಿ ದಂಡ ಅಂತಲೂ ಅಲ್ಲ. 2017ರಲ್ಲಿ ಮುಂಬೈ ಮತದಾನ ಸುಮಾರು ಶೇಕಡಾ 55. ಅಂದರೆ ನಮ್ಮವರು ಅನ್ನಿಸಿಕೊಂಡವರಲ್ಲೂ ಎಷ್ಟೋ ಜನ ಮನೆಯಲ್ಲೇ ಕೂರುತ್ತಾರೆ. ಯಾವ ಗುಂಡಿ ಒತ್ತಿದರೆಂದು ಕಾಣದಿದ್ದರೂ ಬೆರಳಿನ ಶಾಯಿ ಕಾಣುತ್ತದೆ. ಸಂಜೆ ನಾಲ್ಕಕ್ಕೆ ಅಣ್ಣ ಯಾದಿ ಹಿಡಿದು ಬಾಗಿಲು ತಟ್ಟಿ 'ಬೆರಳು ತೋರಿಸಿ ಅಕ್ಕ' ಅನ್ನುತ್ತಿದ್ದದ್ದು ಅದಕ್ಕೇ. ಸಿಮಿಯನ್ ನಿಕ್ಟರ್ 2008ರಲ್ಲಿ ವಾದಿಸಿದ್ದೂ ಹೆಚ್ಚುಕಡಿಮೆ ಇದನ್ನೇ: ಓಟು ಕೊಳ್ಳುವುದು ಅಂತ ನಾವು ಕರೆಯುವುದರಲ್ಲಿ ದೊಡ್ಡ ಪಾಲು ತನ್ನವರನ್ನು ಮನೆಯಿಂದ ಹೊರಡಿಸುವ ಖರ್ಚು. ಗುಪ್ತ ಮತದಾನ ಅದಕ್ಕೆ ಅಡ್ಡ ಬರುವುದಿಲ್ಲ.

ಹಾಗಾದರೆ ಧಣಿ ಉಸ್ತುವಾರಿ ಹೇಗೆ ಮಾಡುತ್ತಾನೆ? ಎಣಿಕೆಯ ದಿನ ಪ್ರತಿ ಬೂತಿನ ಯಂತ್ರ ತನ್ನ ಲೆಕ್ಕ ಬೇರೆಯಾಗಿ ತೋರಿಸುತ್ತದೆ, ಟೇಬಲ್ಲಿನ ಏಜೆಂಟರು ಬರೆದುಕೊಳ್ಳುತ್ತಾರೆ. ಅವನ ಕೈಯಲ್ಲಿರುವ ಹಾಲಿನ ಪ್ಯಾಕೆಟ್ ಇದೊಂದೇ. ಮೆಕ್ಸಿಕೋದ ಬಗ್ಗೆ ಒರಾಸಿಯೊ ಲರೆಗಿ ತೋರಿಸಿದ್ದು ಸ್ವಾರಸ್ಯಕರ: ದಲ್ಲಾಳಿಯ ಜನ ಮತ್ತು ಬೂತಿನ ಗಡಿ ಎರಡೂ ಹೊಂದಿದಲ್ಲಿ ಪಕ್ಷಕ್ಕೆ ಅವನ ದುಡಿಮೆ ಸರಿಯಾಗಿ ಕಾಣುತ್ತದೆ, ಅವನೂ ದುಡಿಯುತ್ತಾನೆ. ನಮ್ಮ ಅಣ್ಣನ ಕನ್ನಡದ ಮನೆಗಳು ಮೂರು ಬೂತಿಗೆ ಹರಿದು ಹಂಚಿಹೋಗಿದ್ದವು, ಒಂದೊಂದರಲ್ಲೂ ಪಕ್ಕದ ಬಿಲ್ಡಿಂಗಿನ ಗುಜರಾತಿಗಳು, ಹಿಂದಿನ ಗಲ್ಲಿಯ ಮರಾಠಿಯವರು ಬೆರೆತಿದ್ದರು. ಅಣ್ಣ ಎಷ್ಟು ತಂದರೆಂದು ದೇವರಿಗೂ ಗೊತ್ತಾಗುವಂತಿರಲಿಲ್ಲ. (ಅವರೂ ಅದನ್ನು ಚೆನ್ನಾಗಿಯೇ ಬಲ್ಲರು.)

ಇಷ್ಟು ಸೋರುವುದು ಗೊತ್ತಿದ್ದೂ ಕೊಡುವುದೇಕೆ? ಸೈಮನ್ ಷೊಷಾರ್ 2018ರಲ್ಲಿ ಮುಂಬೈ ಚುನಾವಣೆಗಳ ಮೇಲೆಯೇ ಬರೆದ ಲೇಖನದಲ್ಲಿ ಅಭ್ಯರ್ಥಿಗಳಿಗೆ ಅಂಥ ಭ್ರಮೆಯೇನೂ ಇಲ್ಲ ಅನ್ನುತ್ತಾರೆ. ಎದುರಾಳಿ ಕೊಡುವಾಗ ತಾನು ಕೊಡದಿದ್ದರೆ ಕೆಟ್ಟೆ ಎಂಬ ಭಯ ಇಬ್ಬರಿಗೂ ಇರುತ್ತದೆ. ನನ್ನ ಕಡೆಯಿಂದ ಒಂದು ಸೇರಿಸುತ್ತೇನೆ: ದಲ್ಲಾಳಿ ಇಟ್ಟುಕೊಂಡ ಆ ನೂರು ಪಾಕೀಟು ಸೋರಿಕೆಯಂತೆ ಕಂಡರೂ ಅದು ಅಣ್ಣನನ್ನು ಎದುರಿನವನ ಕಚೇರಿಗೆ ಹೋಗದಂತೆ ತಡೆಯುವ ಬೆಲೆ. ಅವರು ಓಟು ತರುತ್ತಾರೋ ಇಲ್ಲವೋ, ಮುನಿದು ಹೋದರೆ ಯಾದಿ ಅವರ ಜೊತೆಗೇ ಹೋಗುತ್ತದೆ.

ಈ ಚೌಕಟ್ಟಿಗೆ ಒಂದು ಮಿತಿಯೂ ಇದೆ. ಇದು ಎಲೆಕ್ಷನ್ ವಾರವನ್ನು ಚೆನ್ನಾಗಿ ಹೇಳುತ್ತದೆ, ಉಳಿದ ಐದು ವರ್ಷವನ್ನು ಅಷ್ಟಾಗಿ ಹೇಳುವುದಿಲ್ಲ. ಅಮ್ಮ ಅಣ್ಣನ ಮಾತು ತೆಗೆದುಹಾಕದೆ ಇದ್ದದ್ದು ಐನೂರಕ್ಕಲ್ಲ, ಮಳೆಗಾಲದಲ್ಲಿ ನುಗ್ಗಿದ ನೀರು ಎತ್ತಿಸಲು ಪಂಪ್ ತಂದದ್ದಕ್ಕೆ.

ಬೂತುವಾರು ಲೆಕ್ಕ ಮುಚ್ಚಲು ಟೋಟಲೈಸರ್ ಎಂಬ ಉಪಕರಣವಿದೆ, 14 ಬೂತುಗಳ ಓಟನ್ನು ಒಟ್ಟಿಗೆ ಎಣಿಸಬಲ್ಲದು. ಕೇಂದ್ರ ಚುನಾವಣಾ ಆಯೋಗ 2008ರಲ್ಲೇ ಕೇಳಿತ್ತು, ಕಾನೂನು ಆಯೋಗವೂ 2015ರ 255ನೇ ವರದಿಯಲ್ಲಿ ಶಿಫಾರಸು ಮಾಡಿತು, ಜಾರಿಗೆ ಬಂದಿಲ್ಲ. ಓಟು ಹಾಕದ ಗಲ್ಲಿಯ ಮೇಲೆ ಗೆದ್ದವನು ಸೇಡು ತೀರಿಸಿಕೊಳ್ಳಬಾರದು ಅನ್ನುವುದು ಅದರ ಉದ್ದೇಶ, ಅದು ಸರಿಯೇ. ಆದರೆ ಧಣಿಯ ಕೈಯಿಂದ ಹಾಲಿನ ಪ್ಯಾಕೆಟ್ಟೂ ಹೋಗುತ್ತದೆ. ಆಗ ಅಭ್ಯರ್ಥಿ ದಲ್ಲಾಳಿಯನ್ನು ನಂಬದೆ ದುಡ್ಡು ನಿಲ್ಲಿಸುತ್ತಾನೋ, ಇಲ್ಲ ಸೋರಿಕೆ ಇನ್ನೂ ಹೆಚ್ಚುತ್ತದೋ ಎಂಬುದರಲ್ಲಿ ಎರಡನೆಯದೇ ಆಗುತ್ತದೆಂದು ನನ್ನ ಅನಿಸಿಕೆ.

2026ರ ಜನವರಿಯಲ್ಲಿ, ಒಂಬತ್ತು ವರ್ಷದ ಮೇಲೆ, ಮತ್ತೆ ಪಾಲಿಕೆ ಚುನಾವಣೆ ಬಂತು. ಅಣ್ಣ ಈಗ ಎದುರು ಪಕ್ಷದ ಮಫ್ಲರ್ ಸುತ್ತಿಕೊಂಡು ಬಂದಿದ್ದರು. ಅಮ್ಮನ ಹೆಸರಿನ ಮುಂದೆ ಈ ಯಾದಿಯಲ್ಲೂ ಟಿಕ್ ಇತ್ತು.