ಪಕ್ಕದ ಬೇಕರಿಯ ಪುಟದಲ್ಲಿ ಏನನ್ನು ಓದಬೇಕು?

ಪ್ರಶ್ನೆ: ನಮ್ಮ ಬಡಾವಣೆಯಲ್ಲಿ ಒಂದು ಚಿಕ್ಕ ಬೇಕರಿ ನಡೆಸುತ್ತಿದ್ದೇವೆ. ಇನ್‌ಸ್ಟಾಗ್ರಾಂ, ಫೇಸ್‌ಬುಕ್ ಎರಡರಲ್ಲೂ ಪುಟ ಇದೆ. ಏನು ಹಾಕಬೇಕು, ಯಾವಾಗ ಹಾಕಬೇಕು ಎಂದು ತೋಚುವುದಿಲ್ಲ. ಬೇರೆ ಬೇಕರಿಗಳ ಪುಟ ನೋಡಿ ಕಲಿಯಿರಿ ಎನ್ನುತ್ತಾರೆ. ನೋಡಿದರೆ ಎಲ್ಲವೂ ಒಂದೇ ಥರ ಕಾಣುತ್ತವೆ. ನಿಜವಾಗಿ ಏನನ್ನು ನೋಡಬೇಕು?

ಉತ್ತರ:

ಲೈಕುಗಳನ್ನು ಪಕ್ಕಕ್ಕಿಟ್ಟು, ಕಾಮೆಂಟುಗಳಲ್ಲಿ ಗಿರಾಕಿಗಳು ಕೇಳಿರುವ ಪ್ರಶ್ನೆಗಳನ್ನು ಎಣಿಸಿ. ತುಮಕೂರಿನಲ್ಲಿ ನಮ್ಮ ಭಾವನ ಬೇಕರಿಯ ಪುಟವನ್ನು ನೋಡಿಕೊಳ್ಳುವವನು ನಾನು. ಬೇರೆಯವರ ಪುಟಗಳಿಂದ ನಮಗೆ ಆರ್ಡರ್ ತಂದುಕೊಟ್ಟ ವಿಷಯವೆಂದರೆ ಈ ಪ್ರಶ್ನೆಗಳು. ಮಿಕ್ಕ ಕೆಲಸವೆಲ್ಲ ಈ ಎಣಿಕೆ ದಾರಿ ತಪ್ಪದಂತೆ ನೋಡಿಕೊಳ್ಳುವುದಕ್ಕೆ.

ಮೊದಲು ಯಾರ ಪುಟಗಳನ್ನು ನೋಡಬೇಕು ಎಂಬುದು ತೀರ್ಮಾನವಾಗಲಿ. ಐದಾರು ಸಾಕು. ನಿಮ್ಮ ಅಂಗಡಿಗೆ ನಡೆದು ಬರುವವರು ನಡೆದೇ ಹೋಗಬಹುದಾದ ಎರಡು ಬೇಕರಿಗಳು, ಅದೇ ಸುತ್ತಿನಲ್ಲಿ ಮನೆಯಲ್ಲೇ ಕೇಕ್ ಮಾಡಿ ಮಾರುವ ಒಬ್ಬಿಬ್ಬರು, ಊರಿನ ಇನ್ನೊಂದು ತುದಿಯಲ್ಲಿ ನಿಮ್ಮಷ್ಟೇ ಗಾತ್ರದ ಒಂದು ಅಂಗಡಿ. ಹತ್ತಾರು ಶಾಖೆಗಳಿರುವ ದೊಡ್ಡ ಬ್ರ್ಯಾಂಡನ್ನು ಬೇಕಾದರೆ ಒಂದನ್ನು ಸೇರಿಸಿ, ಆದರೆ ಅದರ ಲೆಕ್ಕವನ್ನು ಉಳಿದವರ ಜೊತೆ ಬೆರೆಸಬೇಡಿ. ಅದರ ಪುಟವನ್ನು ಏಜೆನ್ಸಿಯವರು ನಡೆಸುತ್ತಾರೆ, ಜಾಹೀರಾತಿಗೆ ದುಡ್ಡು ಸುರಿಯುತ್ತಾರೆ. ಸಂಜೆ ಖಾರ ಬನ್ ಟ್ರೇ ಹೊರಗೆ ತೆಗೆದ ಕೈಯಲ್ಲೇ ಮೊಬೈಲ್ ಹಿಡಿಯುವ ನಿಮಗೆ ಅದರಿಂದ ಕಲಿಯುವುದು ಕಡಿಮೆ.

ಎರಡು ತಿಂಗಳ ಪೋಸ್ಟುಗಳನ್ನು ಒಂದು ಶೀಟಿನಲ್ಲಿ ಬರೆದುಕೊಳ್ಳಿ. ಪ್ರತಿ ಪೋಸ್ಟಿಗೆ ಒಂದು ಸಾಲು: ಪುಟದ ಹೆಸರು, ದಿನ, ವಾರ, ಗಂಟೆ, ಫೋಟೋವೋ ರೀಲೋ, ಯಾವ ತಿಂಡಿ, ಬೆಲೆ ಬರೆದಿದ್ದಾರೋ ಇಲ್ಲವೋ, ಲೈಕು, ಕಾಮೆಂಟು, ಮತ್ತು ಮುಖ್ಯವಾಗಿ ಕಾಮೆಂಟಿನಲ್ಲಿ ಕೇಳಿದ ಪ್ರಶ್ನೆ ಹಾಗೂ ಅದಕ್ಕೆ ಬಂದ ಉತ್ತರ. ಪ್ರಶ್ನೆಯನ್ನು ಗಿರಾಕಿ ಬರೆದ ಮಾತಿನಲ್ಲೇ ಇಳಿಸಿಕೊಳ್ಳಿ. ಮುಂದೆ ನಿಮ್ಮ ಪೋಸ್ಟಿನ ಮೊದಲ ಸಾಲು ಅದೇ ಆಗುತ್ತದೆ. ಇನ್‌ಸ್ಟಾಗ್ರಾಂ ಪುಟದ ಮೇಲ್ಗಡೆ ಮೂರು ಪೋಸ್ಟುಗಳವರೆಗೆ ಪಿನ್ ಮಾಡಿಟ್ಟಿರಬಹುದು, ಅವು ಹಳೆಯವು. ಅವುಗಳನ್ನು ಹೊಸವೆಂದು ಬರೆದುಕೊಂಡರೆ ವಾರದ ಲೆಕ್ಕವೆಲ್ಲ ಏರುಪೇರಾಗುತ್ತದೆ. ಕಳೆದ ಏಳೆಂಟು ದಿನಗಳ ಪೋಸ್ಟುಗಳನ್ನೂ ಬಿಡಿ, ಅವುಗಳಿಗೆ ಇನ್ನೂ ಪ್ರತಿಕ್ರಿಯೆ ಬರುತ್ತಲೇ ಇರುತ್ತದೆ.

ಗಂಟೆ ತಿಳಿಯುವುದು ಸ್ವಲ್ಪ ಕಸರತ್ತು. ಫೇಸ್‌ಬುಕ್ಕನ್ನು ಕಂಪ್ಯೂಟರಿನಲ್ಲಿ ತೆರೆದು ದಿನಾಂಕದ ಮೇಲೆ ಮೌಸ್ ಇಟ್ಟರೆ ಪೂರ್ತಿ ಸಮಯ ಕಾಣುತ್ತದೆ. ಇನ್‌ಸ್ಟಾಗ್ರಾಂ ಬರೀ ದಿನಾಂಕ ತೋರಿಸುತ್ತದೆ, ಆದರೆ ಬ್ರೌಸರಿನಲ್ಲಿ ಆ ದಿನಾಂಕದ ಮೇಲೆ ರೈಟ್ ಕ್ಲಿಕ್ ಮಾಡಿ ಇನ್‌ಸ್ಪೆಕ್ಟ್ ಒತ್ತಿದರೆ ಹೀಗೊಂದು ಸಾಲು ಸಿಗುತ್ತದೆ:

```
<time datetime="2025-01-18T05:42:10.000Z">
```

ಕೊನೆಯ Z ಎಂದರೆ ಇದು ನಮ್ಮ ಗಡಿಯಾರದ ಹೊತ್ತಲ್ಲ, ಐದೂವರೆ ಗಂಟೆ ಕೂಡಿಸಬೇಕು. ಇಲ್ಲಿ ಬೆಳಿಗ್ಗೆ 11.12 ಆಯಿತು. ಇಷ್ಟು ತಾಪತ್ರಯ ಬೇಡವೆಂದು ಲಾಗಿನ್ ಪಾಸ್‌ವರ್ಡ್ ಕೇಳುವ ಯಾವುದೋ ಆ್ಯಪ್ ಹಾಕಿಕೊಳ್ಳಬೇಡಿ. ಪುಟವೇ ಕೈತಪ್ಪಿ ಹೋಗಬಹುದು. ಐದಾರು ಚಿಕ್ಕ ಅಂಗಡಿಗಳ ಎರಡು ತಿಂಗಳ ಪೋಸ್ಟುಗಳು ಕೈಯಲ್ಲಿ ಬರೆಯುವಷ್ಟೇ ಇರುತ್ತವೆ.

ಈಗ ಸಮಯದ ವಿಷಯ. ಬರೆದುಕೊಂಡ ಮೇಲೆ ಬಹಳಷ್ಟು ಬೇಕರಿಗಳು ಬೆಳಿಗ್ಗೆ ಹನ್ನೊಂದರ ಸುಮಾರಿಗೋ ರಾತ್ರಿ ಒಂಬತ್ತರ ಮೇಲೋ ಪೋಸ್ಟ್ ಹಾಕುವುದು ನಿಮಗೂ ಕಂಡೀತು. ಗಿರಾಕಿ ಆಗ ಮೊಬೈಲ್ ನೋಡುತ್ತಾನೆ ಎಂದು ಅದರಿಂದ ತೀರ್ಮಾನಿಸಬೇಡಿ. ಬೆಳಗಿನ ಬ್ರೆಡ್ಡು ಬನ್ನುಗಳ ಗದ್ದಲ ಮುಗಿದು ಮಾಲೀಕನಿಗೆ ಬಿಡುವಾಗುವುದು ಹನ್ನೊಂದಕ್ಕೆ, ಶಟರ್ ಎಳೆಯುವುದು ಒಂಬತ್ತಕ್ಕೆ. ಪುಟದ ವೇಳಾಪಟ್ಟಿ ಮಾರುವವನ ಬಿಡುವನ್ನು ಹೇಳುತ್ತದೆ, ಕೊಳ್ಳುವವನ ಹಸಿವನ್ನಲ್ಲ. ನಿಮ್ಮವರು ಯಾವಾಗ ನೋಡುತ್ತಾರೆ ಎಂಬುದನ್ನು ನಿಮ್ಮದೇ ಪುಟದ ಇನ್‌ಸೈಟ್ಸ್ ವಿಭಾಗದಲ್ಲಿ ನೋಡಿ.

ಇನ್ನೊಂದು ಮಾತು. ಇನ್‌ಸ್ಟಾಗ್ರಾಂ ಪೋಸ್ಟುಗಳನ್ನು ಹಾಕಿದ ಕ್ರಮದಲ್ಲಿ ತೋರಿಸುವುದಿಲ್ಲ. ನಾಲ್ಕು ಗಂಟೆಗೆ ‘ಬಿಸಿ ಪಫ್ ಬಂತು’ ಎಂದು ಹಾಕಿದ ಫೋಟೋ ಮರುದಿನ ಬೆಳಿಗ್ಗೆ ಯಾರಿಗೋ ಕಂಡರೆ ಪಫ್ ಎಲ್ಲಿಂದ ತರುವುದು? ಒಲೆಯಿಂದ ಇಳಿದ ಸುದ್ದಿ ಸ್ಟೋರಿಯಲ್ಲಿ ಅಥವಾ ವಾಟ್ಸಾಪ್ ಸ್ಟೇಟಸ್ಸಿನಲ್ಲಿ ಇರಲಿ. ಅವು ಇಪ್ಪತ್ತನಾಲ್ಕು ಗಂಟೆಗೆ ಅಳಿಯುತ್ತವೆ. ಸ್ಟೇಟಸ್ ಕಾಣಬೇಕಾದರೆ ಗಿರಾಕಿಯ ಮೊಬೈಲಿನಲ್ಲಿ ನಿಮ್ಮ ನಂಬರ್ ಸೇವ್ ಆಗಿರಬೇಕು, ನಿಮ್ಮದರಲ್ಲಿ ಅವರದೂ ಇರಬೇಕು. ಇದನ್ನು ಕೌಂಟರಿನಲ್ಲೇ ಕೇಳಿ ಮಾಡಿಸಿಕೊಳ್ಳಬೇಕಾಗುತ್ತದೆ.

ಲೈಕುಗಳಿಗೆ ಸ್ವಲ್ಪವಾದರೂ ಬೆಲೆ ಕೊಡಬೇಕೆಂದರೆ ಒಂದು ಪುಟದ ಪೋಸ್ಟನ್ನು ಅದೇ ಪುಟದ ಬೇರೆ ಪೋಸ್ಟುಗಳ ಜೊತೆ ಮಾತ್ರ ಹೋಲಿಸಿ, ಅದೂ ಸರಾಸರಿಯಿಂದಲ್ಲ, ನಡುವಿನ ಸಂಖ್ಯೆಯಿಂದ. ಒಂದು ಪುಟದ ಐದು ಪೋಸ್ಟುಗಳಿಗೆ 40, 35, 42, 610, 38 ಲೈಕುಗಳಿವೆ ಎಂದುಕೊಳ್ಳಿ. ಸರಾಸರಿ 153 ಆಗುತ್ತದೆ, ಆದರೆ ಯಾವ ಪೋಸ್ಟೂ ಅದರ ಹತ್ತಿರಕ್ಕೂ ಇಲ್ಲ. ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿದರೆ ನಡುವೆ ಬರುವುದು 40, ಅದೇ ಆ ಪುಟದ ಮಾಮೂಲು. ಶೀಟಿನ H ಕಾಲಮ್ಮಿನಲ್ಲಿ 2ರಿಂದ 61ರವರೆಗಿನ ಸಾಲುಗಳಲ್ಲಿ ಒಂದೇ ಪುಟದ ಲೈಕುಗಳಿದ್ದರೆ ಸೂತ್ರ ಇಷ್ಟೇ:

```
=H2/MEDIAN(H$2:H$61)
```

ಉತ್ತರ 2 ಬಂದರೆ ಮಾಮೂಲಿಗಿಂತ ಇಮ್ಮಡಿ. ಆ 610ರ ಗುಟ್ಟನ್ನು ಬೇರೆಯಾಗಿ ಹುಡುಕಬೇಕು. ಸಾಮಾನ್ಯವಾಗಿ ಅದು ‘ಮೂವರು ಗೆಳೆಯರನ್ನು ಟ್ಯಾಗ್ ಮಾಡಿ, ಕೇಕ್ ಗೆಲ್ಲಿ’ ಎಂಬ ಸ್ಪರ್ಧೆಯಾಗಿರುತ್ತದೆ, ಇಲ್ಲವೇ ದುಡ್ಡು ಕೊಟ್ಟು ಓಡಿಸಿದ್ದಾಗಿರುತ್ತದೆ. ಈಗ ಓಡುತ್ತಿರುವ ಜಾಹೀರಾತುಗಳನ್ನು facebook.com/ads/library ಎಂಬಲ್ಲಿ ದೇಶ ಆಯ್ದು, ಪುಟದ ಹೆಸರು ಕೊಟ್ಟರೆ ಯಾರು ಬೇಕಾದರೂ ನೋಡಬಹುದು; ಶುರುವಾದ ದಿನವೂ ಇರುತ್ತದೆ. ಚಿಕ್ಕ ಬೇಕರಿಯೊಂದು ಒಂದೇ ಜಾಹೀರಾತನ್ನು ತಿಂಗಳುಗಟ್ಟಲೆ ನಿಲ್ಲಿಸದೆ ಓಡಿಸುತ್ತಿದ್ದರೆ ಅದರಿಂದ ಆರ್ಡರ್ ಬರುತ್ತಿರುವ ಸಂಭವ ಹೆಚ್ಚು. ಅದನ್ನು ಗಮನವಿಟ್ಟು ಓದಿ.

ಮನೆಯಲ್ಲಿ ಕೇಕ್ ಮಾಡುವವರ ಪುಟಗಳಲ್ಲಿ ಇನ್ನೊಂದು ಮೋಸ ಅಡಗಿದೆ, ಅವರು ಬೇಕೆಂದು ಮಾಡಿದ್ದಲ್ಲ. ಮೂರು ಅಂತಸ್ತಿನ ಫಾಂಡೆಂಟ್ ಕೇಕಿಗೆ ಲೈಕುಗಳ ಸುರಿಮಳೆ ಇರುತ್ತದೆ. ಕಾಮೆಂಟು ತೆರೆದರೆ ‘ಯಾವ ನಾಝಲ್ ಬಳಸಿದಿರಿ?’, ‘ಈ ಬಣ್ಣ ಹೇಗೆ ಬಂತು?’ ಎಂಬ ಮಾತುಗಳು. ಹೀಗೆ ಕೇಳುವವರು ಬೇರೆ ಊರಿನ ಕೇಕ್ ಮಾಡುವವರು, ಅವರು ಕೊಳ್ಳುವುದಿಲ್ಲ. ಗಿರಾಕಿ ನಾಝಲ್ ಕೇಳುವುದಿಲ್ಲ, ಬೆಲೆ ಕೇಳುತ್ತಾನೆ.

ಇನ್ನು ಪ್ರಶ್ನೆಗಳಿಗೆ ಬರೋಣ. ಕಾಮೆಂಟುಗಳ ಜೊತೆಗೆ ಅವೇ ಅಂಗಡಿಗಳ ಗೂಗಲ್ ಮ್ಯಾಪ್ಸ್ ವಿಮರ್ಶೆಗಳನ್ನೂ ಹೊಸದು ಮೊದಲು ಬರುವಂತೆ ಜೋಡಿಸಿ ಓದಿ, ದೂರುಗಳೂ ಒಂದು ಥರದ ಪ್ರಶ್ನೆಗಳೇ. ನಾವು ಬರೆದುಕೊಂಡಾಗ ಮತ್ತೆ ಮತ್ತೆ ಬಂದವು ಮೂರು: ಅರ್ಧ ಕೆಜಿ ಎಷ್ಟು, ಮೊಟ್ಟೆ ಇಲ್ಲದ್ದು ಇದೆಯೇ, ಇವತ್ತು ಹೇಳಿದರೆ ಇವತ್ತೇ ಸಿಗುತ್ತದೆಯೇ. ಉತ್ತರದ ಕಾಲಮ್ಮಿನಲ್ಲಿ ಹೆಚ್ಚಿನ ಕಡೆ ‘ಮೆಸೇಜ್ ಮಾಡಿ’ ಎಂದಿತ್ತು, ಅಥವಾ ಏನೂ ಇರಲಿಲ್ಲ.

ಯಾರೂ ಹಾಕದ ವಿಷಯವೆಲ್ಲ ಖಾಲಿ ಜಾಗವಲ್ಲ ಎಂಬುದನ್ನು ಇಲ್ಲಿ ಗಮನಿಸಬೇಕು. ನಮ್ಮ ಸುತ್ತಿನಲ್ಲಿ ಯಾರೂ ರಸ್ಕ್ ಮಾಡುವ ವಿಡಿಯೋ ಹಾಕಿರಲಿಲ್ಲ. ಯಾರೂ ಅದರ ಬಗ್ಗೆ ಕೇಳಿಯೂ ಇರಲಿಲ್ಲ. ರಸ್ಕ್ ಕೊಳ್ಳುವವರು ಪುಟ ನೋಡುವುದಿಲ್ಲ, ಹಾಲು ತರಲು ಬಂದಾಗ ಒಯ್ಯುತ್ತಾರೆ. ಜನ ಕೇಳುತ್ತಿರಬೇಕು, ಉತ್ತರ ಸಿಗುತ್ತಿರಬಾರದು, ಮತ್ತು ಅದನ್ನು ಪೂರೈಸುವ ಶಕ್ತಿ ನಿಮ್ಮ ಒಲೆಗೆ ಇರಬೇಕು. ಮೂರೂ ಕೂಡಿದ ಕಡೆ ಮಾತ್ರ ನಿಮಗೆ ಜಾಗವಿದೆ.

‘ಇವತ್ತೇ ಸಿಗುತ್ತದೆಯೇ’ ಎಂಬ ಪ್ರಶ್ನೆ ನಮಗೆ ಹೀಗೆ ಒದಗಿತು. ಮನೆಯಲ್ಲಿ ಮಾಡುವವರು ಸಾಮಾನ್ಯವಾಗಿ ಒಂದೆರಡು ದಿನ ಮೊದಲೇ ಹೇಳಿ ಎನ್ನುತ್ತಾರೆ, ಏಕೆಂದರೆ ಸ್ಪಂಜನ್ನು ಆರ್ಡರ್ ಬಂದ ಮೇಲೆ ಬೇಯಿಸುತ್ತಾರೆ. ಬೇಕರಿಯಲ್ಲಿ ಹಿಂದಿನ ದಿನ ಬೇಯಿಸಿದ ಸ್ಪಂಜ್ ಇದ್ದೇ ಇರುತ್ತದೆ, ಒಂದು ರಾತ್ರಿ ಕಳೆದ ಸ್ಪಂಜ್ ಪುಡಿಯುದುರದೆ ಚೆನ್ನಾಗಿ ಕತ್ತರಿಸಿಕೊಳ್ಳುತ್ತದೆ ಕೂಡ. ಕ್ರೀಮ್ ಹಚ್ಚಿ ಹೆಸರು ಬರೆಯುವ ಕೆಲಸವಷ್ಟೇ ಉಳಿಯುತ್ತದೆ. ಭಾವ ಇದನ್ನು ವರ್ಷಗಳಿಂದ ಮಾಡುತ್ತಲೇ ಇದ್ದರು, ಹೇಳಿಕೊಂಡಿರಲಿಲ್ಲ. ‘ಬೆಳಿಗ್ಗೆ ಹನ್ನೊಂದರೊಳಗೆ ಹೇಳಿದರೆ ಸಂಜೆ ಐದಕ್ಕೆ ಅರ್ಧ ಕೆಜಿ ಕೇಕ್ ತಯಾರು’ ಎಂದು ಯಾವ ಮೂರು ಬಗೆ ಸಿಗುತ್ತದೆ ಎಂಬುದನ್ನೂ ಬೆಲೆಯನ್ನೂ ಚಿತ್ರದ ಮೇಲೆಯೇ ಬರೆದು ಹಾಕಿದೆವು. ಬಗೆಗಳನ್ನು ಮೂರಕ್ಕೆ ಕಟ್ಟಿಹಾಕಿದ್ದು ಬೇಕೆಂದೇ. ಏನು ಬೇಕಾದರೂ ಎಂದಿದ್ದರೆ ಶನಿವಾರ ಸಂಜೆ ಮಾತು ತಪ್ಪುತ್ತಿತ್ತು.

ಮೊಟ್ಟೆಯ ಪ್ರಶ್ನೆ ಇನ್ನೂ ಸೂಕ್ಷ್ಮ. ಶ್ರಾವಣದಲ್ಲಿ ಅದು ಏರುತ್ತದೆ, ವರಮಹಾಲಕ್ಷ್ಮಿ ಹಬ್ಬದ ವಾರ ಇನ್ನೂ ಹೆಚ್ಚು. ಅಂಗಡಿಗಳು ‘ಹೌದು, ಎಗ್‌ಲೆಸ್ ಇದೆ’ ಎಂದು ಉತ್ತರಿಸಿದ ಕಡೆಯೂ ಅದರ ಕೆಳಗೆ ಎರಡನೆಯ ಪ್ರಶ್ನೆ ಇರುತ್ತದೆ: ಬೇರೆ ಪಾತ್ರೆಯಲ್ಲಿ ಮಾಡುತ್ತೀರಾ? ಕೇಳಿದವರಿಗೆ ನಿಜವಾಗಿ ಬೇಕಾದದ್ದು ಅದು. ನಮ್ಮಲ್ಲಿ ಎರಡೂ ಬಗೆ ಒಂದೇ ಒಲೆಯಲ್ಲಿ ಬೇಯುತ್ತವೆ. ಆದ್ದರಿಂದ ಟ್ರೇ, ಕಲಸುವ ಪಾತ್ರೆ, ಬೀಟರ್ ಬೇರೆ ಇವೆ, ಮೊಟ್ಟೆಯಿಲ್ಲದ್ದನ್ನು ದಿನದ ಮೊದಲಿಗೆ ಬೇಯಿಸುತ್ತೇವೆ, ಒಲೆ ಮಾತ್ರ ಒಂದೇ ಎಂದು ಇದ್ದದ್ದನ್ನು ಇದ್ದಂತೆ ಬರೆದೆವು. ಕೆಲವರು ಬೇಡವೆಂದರು. ಅವರು ಹೇಗೂ ನಮ್ಮ ಗಿರಾಕಿಗಳಾಗುತ್ತಿರಲಿಲ್ಲ. ನಿಮ್ಮ ಅಡುಗೆಕೋಣೆಯಲ್ಲಿ ಪಾತ್ರೆ ಬೇರೆ ಇಲ್ಲದಿದ್ದರೆ ಈ ಪೋಸ್ಟನ್ನು ಹಾಕಬೇಡಿ.

ಎರಡು ತಿಂಗಳ ಶೀಟಿನಲ್ಲಿ ಹಬ್ಬಗಳು ಸಿಗುವುದಿಲ್ಲ. ಅದಕ್ಕೆ ಆ ಪುಟಗಳಲ್ಲಿ ಹೋದ ವರ್ಷದ ನವೆಂಬರ್, ಡಿಸೆಂಬರ್‌ವರೆಗೆ ಹಿಂದಕ್ಕೆ ಹೋಗಿ, ಪ್ಲಮ್ ಕೇಕಿನ ಮೊದಲ ಪೋಸ್ಟ್ ಯಾವ ದಿನ ಬಂತು, ‘ಆರ್ಡರ್ ಮುಗಿಯಿತು’ ಎಂದು ಯಾವ ದಿನ ಹಾಕಿದರು ಎಂಬ ಎರಡೇ ದಿನಾಂಕಗಳನ್ನು ಬರೆದುಕೊಳ್ಳಿ. ಮುಗಿಯಿತು ಎಂಬುದರ ಕೆಳಗೆ ನಿರಾಶರಾದವರ ಕಾಮೆಂಟುಗಳಿದ್ದರೆ ಆ ದಿನದಿಂದ ಕ್ರಿಸ್‌ಮಸ್‌ವರೆಗಿನ ಆರ್ಡರ್ ಹಿಡಿಯಲು ನಿಮಗೆ ಅವಕಾಶವಿದೆ. ಆದರೆ ಹಣ್ಣುಗಳನ್ನು ವಾರಗಳ ಮೊದಲೇ ನೆನೆಹಾಕಬೇಕಲ್ಲ, ಆ ಕಾಮೆಂಟುಗಳನ್ನು ಡಿಸೆಂಬರಿನಲ್ಲಿ ಓದಿದರೆ ಪ್ರಯೋಜನವಿಲ್ಲ. ಸೆಪ್ಟೆಂಬರಿನಲ್ಲೇ ಓದಿಕೊಳ್ಳಿ.

ಹಾಕಿದ ಪೋಸ್ಟು ಫಲಿಸಿತೋ ಇಲ್ಲವೋ ಎಂಬುದನ್ನು ಆರ್ಡರ್ ಪುಸ್ತಕದಲ್ಲಿ ನೋಡಿ. ಹೆಸರು, ಫೋನ್, ತೂಕಗಳ ಪಕ್ಕದಲ್ಲಿ ‘ಎಲ್ಲಿ ನೋಡಿದಿರಿ’ ಎಂಬ ಇನ್ನೊಂದು ಕಾಲಮ್ ಗೆರೆ ಎಳೆದು, ಕೌಂಟರಿನ ಹುಡುಗ ಅದನ್ನು ತಪ್ಪದೆ ಕೇಳುವಂತೆ ಮಾಡಿ. ಒಂದೂವರೆ ತಿಂಗಳಾದರೂ ಆ ಕಾಲಮ್ಮಿನಲ್ಲಿ ಇನ್‌ಸ್ಟಾಗ್ರಾಂ ಹೆಸರು ಬರದಿದ್ದರೆ, ಪೋಸ್ಟಿಗೆ ಎಷ್ಟೇ ಲೈಕು ಬಂದಿರಲಿ, ಅದನ್ನು ಬಿಟ್ಟು ಶೀಟಿನ ಮುಂದಿನ ಪ್ರಶ್ನೆಯನ್ನು ಎತ್ತಿಕೊಳ್ಳಿ.