‘ನೋಡೋಣ’ ಎಂದವರ ಕೈಗೆ ಒಂದು ಹಾಳೆ

ಸಂಪಾದಕರಿಗೆ ನಮಸ್ಕಾರ. ಕಾರವಾರದ ಹತ್ತಿರ ಮೀನು ರಫ್ತು ಮಾಡುವ ಒಂದು ಘಟಕದ ಗುಣಮಟ್ಟ ವಿಭಾಗದಲ್ಲಿ ನಾಲ್ಕು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ನಮ್ಮ ಬಂಗಡೆ ಅಮೆರಿಕಕ್ಕೂ ಹೋಗುತ್ತದೆ. ವಿಭಾಗದಲ್ಲಿ ಹ್ಯಾಸಪ್, ಅಂದರೆ ಆಹಾರದಲ್ಲಿ ಅಪಾಯ ಎಲ್ಲಿ ಬರಬಹುದು ಎಂದು ಮೊದಲೇ ಗುರುತಿಸಿ ತಡೆಯುವ ಕ್ರಮದ ತರಬೇತಿ ಆದವರು ನಮ್ಮ ಸೀನಿಯರ್ ಒಬ್ಬರೇ. ಕೊಚ್ಚಿಯಲ್ಲಿ ಐದು ದಿನದ ಕೋರ್ಸ್ ಇದೆ. ಒಂದು ಬ್ಯಾಚ್ ಏಪ್ರಿಲ್‌ಗೆ, ಇನ್ನೊಂದು ಜೂನ್‌ಗೆ. ಶುಲ್ಕ, ರೈಲು, ಊಟ, ವಸತಿ ಸೇರಿ 24 ಸಾವಿರ ಆಗುತ್ತದೆ. ನನ್ನ ಸಂಬಳದಲ್ಲಿ ಅಷ್ಟು ಹೊಂದಿಸಲು ಆಗುವುದಿಲ್ಲ. ‘ನನಗೆ ಕಲಿಯುವ ಆಸೆ ಇದೆ, ಕಂಪನಿಯಿಂದ ಕಳಿಸ್ತೀರಾ ಸರ್?’ ಎಂದು ಮ್ಯಾನೇಜರನ್ನು ಕೇಳಿದೆ. ‘ನೋಡೋಣ’ ಎಂದರು. ಎರಡು ತಿಂಗಳಾಯಿತು, ಸುದ್ದಿಯಿಲ್ಲ. ಮತ್ತೆ ಹೇಗೆ ಕೇಳಲಿ?
— ಓದುಗಿ, ಕಾರವಾರ ತಾಲ್ಲೂಕು

ತಂಗಿ, ನಿಮ್ಮ ಮ್ಯಾನೇಜರಿಗೆ ಮನಸ್ಸಿಲ್ಲ ಎಂದು ಈಗಲೇ ತೀರ್ಮಾನ ಮಾಡಬೇಡಿ. 24 ಸಾವಿರ ಅವರ ಜೇಬಿನಿಂದ ಬರುವುದಿಲ್ಲ. ಅವರು ಮಾಲೀಕರ ಹತ್ತಿರವೋ ಲೆಕ್ಕದ ವಿಭಾಗಕ್ಕೋ ಹೋಗಿ ಕೇಳಬೇಕು. ಅಲ್ಲಿ ಏನೆಂದು ಕೇಳಬೇಕು? ‘ನಮ್ಮ ಹುಡುಗಿಗೆ ಕಲಿಯುವ ಆಸೆ ಇದೆಯಂತೆ’ ಎಂದರೆ ಮಾತು ಅಲ್ಲಿಗೇ ಮುಗಿಯುತ್ತದೆ. ಅವರಿಗೆ ಬೇಕಾದ ಮಾತನ್ನು ನೀವು ಇನ್ನೂ ಕೊಟ್ಟಿಲ್ಲ.

ಆ ಕುರ್ಚಿಯಲ್ಲಿ ನಾನೂ ಕೂತಿದ್ದೆ. ಪತ್ರಿಕೆಗೆ ಬರುವ ಮೊದಲು ಶಿರಸಿಯ ಒಂದು ಮುದ್ರಣಾಲಯದಲ್ಲಿ ಮೇಲ್ವಿಚಾರಕನಾಗಿದ್ದೆ. ಪುಟ ಮಾಡುವ ಹುಡುಗನೊಬ್ಬ ಬಣ್ಣದ ಕೆಲಸ ಕಲಿಯಲು ಹುಬ್ಬಳ್ಳಿಗೆ ಕಳಿಸಿ ಎಂದು ಕೇಳಿದ. ನಾನು ಹೇಳಿದ್ದೂ ‘ನೋಡೋಣ’ ಎಂದೇ. ಒಳ್ಳೆಯ ಹುಡುಗ, ಕಳಿಸುವ ಮನಸ್ಸಿತ್ತು. ಆದರೆ ಮಾಲೀಕರ ಮುಂದೆ ಹೇಳಲು ನನ್ನ ಹತ್ತಿರ ಏನೂ ಇರಲಿಲ್ಲ. ಆರು ತಿಂಗಳ ಮೇಲೆ ಅವನು ಮತ್ತೆ ಬಂದ. ಕೈಯಲ್ಲಿ ಬಿಲ್ಲುಗಳ ಒಂದು ಸಣ್ಣ ಕಟ್ಟಿತ್ತು. ಬಣ್ಣ ತಪ್ಪಿ ಎರಡನೇ ಸಲ ಪ್ಲೇಟ್ ಮಾಡಿಸಿದ ಕೆಲಸಗಳ ಬಿಲ್ಲುಗಳು ಅವು. ನಾನು ಆ ಕಟ್ಟನ್ನು ಹಾಗೇ ತೆಗೆದುಕೊಂಡು ಹೋಗಿ ಮಾಲೀಕರ ಮೇಜಿನ ಮೇಲೆ ಇಟ್ಟೆ. ಅವರು ಕೊನೆಯ ಬಿಲ್ಲಿನವರೆಗೆ ನೋಡಲೂ ಇಲ್ಲ, ಒಪ್ಪಿದರು.

ನಿಮ್ಮ ಬಿಲ್ಲಿನ ಕಟ್ಟು ಎಲ್ಲಿದೆ ಗೊತ್ತಾ? ನೀವು ದಿನಾ ಬರೆಯುವ ರಿಜಿಸ್ಟರಿನಲ್ಲೇ ಇದೆ.

ಮಾಲು ಅಮೆರಿಕಕ್ಕೆ ಹೋಗುವುದರಿಂದ ಅಲ್ಲಿನ ಆಹಾರ ಮತ್ತು ಔಷಧ ಇಲಾಖೆಯಾದ ಎಫ್‌ಡಿಎಯ ನಿಯಮ ನಿಮಗೆ ಅನ್ವಯಿಸುತ್ತದೆ. 1997ರ ಡಿಸೆಂಬರಿನಿಂದ ಜಾರಿಯಲ್ಲಿರುವ ನಿಯಮ ಅದು. ಮೀನಿನ ಘಟಕದಲ್ಲಿ ಮೂರು ಕೆಲಸಗಳನ್ನು ಹ್ಯಾಸಪ್ ತಿಳಿದವರೇ ಮಾಡಬೇಕು ಎಂದು ಅದು ಹೇಳುತ್ತದೆ. ಪ್ಲಾನ್ ತಯಾರಿಸುವುದು ಒಂದು. ಅದನ್ನು ಮರುಪರಿಶೀಲಿಸಿ ತಿದ್ದುವುದು ಇನ್ನೊಂದು. ಮೂರನೆಯದು ದಾಖಲೆಗಳನ್ನು ಓದಿ, ನೋಡಿ, ಸಹಿ ಹಾಕುವುದು. ನಿಮಗೆ ಬೇಕಾದದ್ದು ಈ ಮೂರನೆಯದು. ನಿಗಾ ಇಟ್ಟು ಬರೆದ ದಾಖಲೆ, ಉದಾಹರಣೆಗೆ ಬಂಗಡೆ ಬಂದಾಗ ನೀವು ತೆಗೆದುಕೊಳ್ಳುವ ಉಷ್ಣತೆ, ಬರೆದ ದಿನದಿಂದ ಒಂದು ವಾರದ ಒಳಗೆ ಪರಿಶೀಲನೆ ಆಗಲೇಬೇಕು. ತಪ್ಪಾದಾಗ ಏನು ಕ್ರಮ ತೆಗೆದುಕೊಂಡಿರಿ ಎಂಬ ದಾಖಲೆಗೂ ಅದೇ ಒಂದು ವಾರ.

ಈಗ ಯೋಚಿಸಿ. ಸಹಿ ಹಾಕಬಲ್ಲವರು ಒಬ್ಬರೇ. ಅವರು ಮನೆಯ ಮದುವೆಗೆ ಹನ್ನೆರಡು ದಿನ ರಜೆ ಹಾಕಿದರೆ ಆ ವಾರ ಏನಾಗುತ್ತದೆ?

ಕಳೆದ ಮೂರು ತಿಂಗಳ ರಿಜಿಸ್ಟರ್ ತೆಗೆಯಿರಿ. ಒಂದು ಹಾಳೆಯಲ್ಲಿ ಎರಡು ಕಾಲಂ ಹಾಕಿ. ಒಂದರಲ್ಲಿ ದಾಖಲೆ ಬರೆದ ದಿನ, ಇನ್ನೊಂದರಲ್ಲಿ ಪರಿಶೀಲನೆಯ ಸಹಿ ಬಿದ್ದ ದಿನ. ಏಳು ದಿನ ಮೀರಿದ ಸಾಲುಗಳಿಗೆ ಪೆನ್ಸಿಲ್ಲಿನಲ್ಲಿ ಗುರುತು ಹಾಕಿ. ಹದಿಮೂರು ವಾರದಲ್ಲಿ ಮೂರು ವಾರ ಹಾಗೆ ಸಿಕ್ಕಿತು ಎಂದುಕೊಳ್ಳೋಣ. ಆ ವಾರಗಳಲ್ಲಿ ಬಂದ ಬಂಗಡೆ ಎಷ್ಟು ಟನ್, ಅದರಲ್ಲಿ ಎಷ್ಟು ಮಾಲು ಸಹಿಗೆ ಮೊದಲೇ ಕಂಟೇನರ್ ಸೇರಿತು ಎಂದು ಪಕ್ಕದಲ್ಲಿ ಬರೆಯಿರಿ. ಮಾಲೀಕರ ಕಣ್ಣು ನಿಲ್ಲುವುದು ಅಲ್ಲೇ. ಬಂಗಡೆ ಬಿಸಿಲಲ್ಲೋ ಐಸ್ ಸಾಲದೆಯೋ ಇದ್ದರೆ ಅದರಲ್ಲಿ ತಿಂದವರಿಗೆ ಅಲರ್ಜಿಯಂಥ ತೊಂದರೆ ಕೊಡುವ ಹಿಸ್ಟಮಿನ್ ಹುಟ್ಟುತ್ತದೆ. ಒಮ್ಮೆ ಹುಟ್ಟಿದರೆ ಫ್ರೀಜ್ ಮಾಡಿದರೂ ಹೋಗದು, ಬೇಯಿಸಿದರೂ ಹೋಗದು. ಇದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಉಷ್ಣತೆ ಜಾಸ್ತಿ ಬಂದ ಒಂದು ಲಾಟ್ ಯಾರ ಕಣ್ಣಿಗೂ ಬೀಳದೆ ಹಡಗು ಹತ್ತಿತು ಎಂದರೆ, ಆಮೇಲೆ ಸಹಿ ಹಾಕಿ ಪ್ರಯೋಜನವಿಲ್ಲ.

ಒಂದು ವೇಳೆ ಒಂದು ಸಾಲೂ ತಡವಾಗಿಲ್ಲ ಎಂದರೆ? ಆಗ ಅದನ್ನೇ ನಿಜವಾಗಿ ಹೇಳಿ. ಸೀನಿಯರ್ ಮೂರು ತಿಂಗಳಲ್ಲಿ ಎಷ್ಟು ರಜೆಯನ್ನು ಮುಂದೂಡಿದರು, ಎಷ್ಟು ಸಲ ಭಾನುವಾರ ಬಂದು ಸಹಿ ಹಾಕಿದರು ಎಂದು ಅವರನ್ನೇ ಕೇಳಿ ಬರೆಯಿರಿ. ಇಲ್ಲದ ತೊಂದರೆಯನ್ನು ಹುಟ್ಟಿಸಬೇಡಿ.

ಇಲ್ಲಿ ಒಂದು ಸೂಕ್ಷ್ಮ ಇದೆ. ನನಗೆ ಅತಿ ಮುಖ್ಯ ಅನ್ನಿಸಿದ್ದೂ ಇದೇ. ಆ ಹಾಳೆ ನೇರವಾಗಿ ಮ್ಯಾನೇಜರ್ ಕೈಗೆ ಹೋದರೆ ಅದು ನಿಮ್ಮ ಸೀನಿಯರ್ ಮೇಲೆ ಕೊಟ್ಟ ದೂರಿನ ಹಾಗೆ ಕಾಣುತ್ತದೆ. ಅವರು ಅಂದಿನಿಂದ ನಿಮ್ಮ ವಿರುದ್ಧ. ಅವರು ‘ಬೇಡ, ಅವಳಿಗೆ ಯಾಕೆ’ ಎಂದು ಒಂದು ಮಾತು ಹೇಳಿದರೆ ನಿಮ್ಮ ಕೋರ್ಸ್ ಹೋಯಿತು. ಹಾಗಾಗಿ ಮೊದಲು ಹಾಳೆಯನ್ನು ಅವರಿಗೇ ತೋರಿಸಿ. ಚಹಾ ಹೊತ್ತಿನಲ್ಲಿ, ಬೇರೆ ಯಾರೂ ಇಲ್ಲದಾಗ. ‘ಸರ್, ನೀವು ರಜೆ ಹೋದಾಗ ಇಲ್ಲಿ ಸಹಿ ಹಾಕುವವರಿಲ್ಲ. ನಾನು ಕಲಿತು ಬಂದರೆ ನಿಮಗೂ ನೆಮ್ಮದಿಯಾಗಿ ಊರಿಗೆ ಹೋಗಿ ಬರಲಿಕ್ಕೆ ಆಗ್ತದೆ. ಇದನ್ನು ಮ್ಯಾನೇಜರ್ ಸರ್‌ಗೆ ಕೊಡ್ಲಾ?’ ಎಂದು ಕೇಳಿ. ವರ್ಷಗಟ್ಟಲೆ ಒಬ್ಬರೇ ಹೊತ್ತವರಿಗೆ ಈ ಮಾತು ಹಿತವಾಗಿಯೇ ಕೇಳುತ್ತದೆ. ಹಾಳೆಯಲ್ಲಿ ಅವರ ಹೆಸರು ಬೇಡ. ‘ಪರಿಶೀಲಕರು ರಜೆಯಲ್ಲಿದ್ದ ವಾರ’ ಎಂದಷ್ಟೇ ಇರಲಿ. ತಡವಾದ ಸಾಲು ನೋಡಿ ಯಾರಾದರೂ ‘ಹಳೆ ತಾರೀಕು ಹಾಕಿಬಿಡೋಣ’ ಎಂದರೆ ದಯವಿಟ್ಟು ಒಪ್ಪಬೇಡಿ. ತಡವಾದ ಸಹಿಗೆ ಆಡಿಟರ್ ಮುಂದೆ ಕಾರಣ ಹೇಳಬಹುದು. ಸುಳ್ಳು ತಾರೀಕಿಗೆ ಹೇಳಲು ಆಗುವುದಿಲ್ಲ. ಹಾಳೆಯನ್ನು ವಾಟ್ಸಾಪ್ ಗುಂಪಿಗೂ ಹಾಕಬೇಡಿ. ಇದು ಘಟಕದ ಒಳಗಿನ ವಿಷಯ, ಕೈಯಿಂದ ಕೈಗೆ ಹೋಗಬೇಕು.

ಅದರ ಮೇಲೆ ಲಗತ್ತಿಸುವ ಮನವಿ ಅರ್ಧ ಪುಟ ಸಾಕು. ನಾನಾದರೆ ಹೀಗೆ ಬರೆಯುತ್ತಿದ್ದೆ:

“ಮಾನ್ಯರೇ, ಕಳೆದ ಹದಿಮೂರು ವಾರದಲ್ಲಿ ಮೂರು ವಾರದ ಉಷ್ಣತಾ ದಾಖಲೆಗಳ ಪರಿಶೀಲನೆ ಏಳು ದಿನ ಮೀರಿದೆ. ವಿವರ ಜೊತೆಗಿದೆ. ಪರಿಶೀಲಿಸಬಲ್ಲವರು ಒಬ್ಬರೇ ಇರುವುದು ಕಾರಣ. ಜೂನ್‌ನಲ್ಲಿ ಕೊಚ್ಚಿಯಲ್ಲಿ ಐದು ದಿನದ ಹ್ಯಾಸಪ್ ಕೋರ್ಸ್ ಇದೆ. ನಾನು ಅದನ್ನು ಮುಗಿಸಿದರೆ ಎರಡನೇ ಪರಿಶೀಲಕಳಾಗಿ ಕೆಲಸ ಮಾಡಬಹುದು. ಒಟ್ಟು ಖರ್ಚು 24,000 ರೂಪಾಯಿ. ಆ ಐದು ದಿನವನ್ನು ಕರ್ತವ್ಯದ ದಿನಗಳೆಂದು ಪರಿಗಣಿಸಲು ಕೋರುತ್ತೇನೆ. ನಾನು ಇಲ್ಲದಾಗ ಮೀನು ಸ್ವೀಕರಿಸುವ ಕಡೆಯ ಕೆಲಸವನ್ನು ನೋಡಿಕೊಳ್ಳಲು ಸಹೋದ್ಯೋಗಿಯೊಬ್ಬರನ್ನು ಕೇಳಿ ಒಪ್ಪಿಸಿದ್ದೇನೆ. ಹಿಂದಿರುಗಿದ ಮೇಲೆ ಎರಡೂ ಪಾಳಿಯವರಿಗೆ ದಾಖಲೆ ಬರೆಯುವ ಕ್ರಮವನ್ನು ಹೇಳಿಕೊಡುತ್ತೇನೆ.”

ಇದರಲ್ಲಿ ‘ಆಸೆ’ ಎಂಬ ಪದ ಇಲ್ಲ, ಗಮನಿಸಿದಿರಾ? ನಿಮ್ಮ ಆಸೆ ಸಣ್ಣದಲ್ಲ. ಆದರೆ ಅದನ್ನು ಮ್ಯಾನೇಜರ್ ಮುಂದೆ ಬಾಯಲ್ಲಿ ಹೇಳಿ. ಮಾಲೀಕರ ಮೇಜಿಗೆ ಹೋಗುವ ಕಾಗದದಲ್ಲಿ ಘಟಕದ ಕೆಲಸ ಇರಲಿ.

ಅದರಲ್ಲಿ ಇನ್ನೂ ಎರಡು ಮಾತು ಇಲ್ಲ. ‘ಈ ಕೋರ್ಸ್ ಇಲ್ಲದಿದ್ದರೆ ಕಾನೂನು ಮುರಿದಂತೆ’ ಎಂದು ನಾನು ಬರೆಯಲಿಲ್ಲ. ಕೆಲಸದ ಅನುಭವದಿಂದ ಅಷ್ಟೇ ತಿಳಿವಳಿಕೆ ಬಂದಿದ್ದರೆ ಅದನ್ನೂ ಆ ನಿಯಮ ಒಪ್ಪುತ್ತದೆ. ಮ್ಯಾನೇಜರಿಗೆ ಇದು ಗೊತ್ತಿದ್ದರೆ ನಿಮ್ಮ ಇಡೀ ಕಾಗದದ ಮೇಲೆ ಅನುಮಾನ ಬರುತ್ತದೆ. ಅವರೇ ‘ನಾಲ್ಕು ವರ್ಷದ ಅನುಭವ ಇದೆಯಲ್ಲ, ನೀವೇ ಸಹಿ ಹಾಕಿ’ ಎಂದರೆ ಒಂದು ಪ್ರಶ್ನೆ ಕೇಳಿ: ಆಡಿಟರ್ ಬಂದು ಆ ಅನುಭವ ಸಾಕು ಎನ್ನಲು ಆಧಾರ ಕೇಳಿದರೆ ಏನು ತೋರಿಸೋಣ? ಪ್ರಮಾಣಪತ್ರ ಇದ್ದರೆ ಆ ಉತ್ತರ ಸುಲಭ. ಎರಡನೆಯದು, ‘ಮುಂದೆ ಹೊರಗಿನ ಸಲಹೆಗಾರರೇ ಬೇಡ’ ಎಂಬ ಭರವಸೆ. ಐದು ದಿನದಲ್ಲಿ ಹ್ಯಾಸಪ್ಪಿನ ಏಳು ತತ್ವಗಳನ್ನು ಕಲಿತು, ಒಂದು ಪ್ಲಾನನ್ನು ಅಭ್ಯಾಸಕ್ಕೆ ಬರೆದು ಬರುತ್ತೀರಿ. ಘಟಕದ ಇಡೀ ಪ್ಲಾನ್ ಹೊಸದಾಗಿ ಕಟ್ಟುವಷ್ಟು ಪಳಗಲು ಇನ್ನೂ ಕಾಲ ಬೇಕು. ಹೊರುವಷ್ಟೇ ಭಾರಕ್ಕೆ ಮಾತು ಕೊಡಿ.

ಜೂನ್ ಬ್ಯಾಚನ್ನೇ ಕೇಳಿ, ಏಪ್ರಿಲ್ ಬೇಡ. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರೀಕೃತ ದೋಣಿಗಳು ಕಡಲಿಗೆ ಇಳಿಯುವ ಹಾಗಿಲ್ಲ. ಬೈತಖೋಲ ಬಂದರಿನಲ್ಲಿ ಬೋಟುಗಳು ಕಟ್ಟಿಕೊಂಡು ನಿಂತಿರುತ್ತವೆ. ನಿಮ್ಮಲ್ಲಿ ಬರುವ ಹಸಿ ಮೀನು ತೀರಾ ಕಡಿಮೆ. ‘ನೀನು ಹೋದರೆ ಇಲ್ಲಿ ಯಾರು?’ ಎಂಬುದು ಪ್ರತಿ ಮ್ಯಾನೇಜರ್ ಬಾಯಲ್ಲಿ ಬರುವ ಮೊದಲ ಪ್ರಶ್ನೆ, ಜೂನ್‌ನಲ್ಲಿ ಅದಕ್ಕೆ ಜೋರಿಲ್ಲ. ಆಗಸ್ಟ್‌ನಲ್ಲಿ ಮೀನು ಬರಲು ಶುರುವಾಗುವಾಗ ನೀವು ಕಲಿತು ಬಂದು ಸಿದ್ಧರಿರುತ್ತೀರಿ. ಆದರೆ ಕಾಗದ ಮಾತ್ರ ಮಾರ್ಚ್ ಒಳಗೆ ಕೊಡಿ. ಏಪ್ರಿಲ್‌ನಲ್ಲಿ ಹೊಸ ವರ್ಷದ ಲೆಕ್ಕ ಶುರುವಾಗುತ್ತದೆ, ಅದರಲ್ಲಿ ಜಾಗ ಸಿಗಬೇಕಲ್ವಾ.

ಇಷ್ಟು ಕಾಲ ಕೆಲಸ ಬಿಡುವುದಿಲ್ಲ, ಬಿಟ್ಟರೆ ಹಣ ಕಟ್ಟುತ್ತೇನೆ ಎಂಬ ಬಾಂಡನ್ನು ಅವರು ಕೇಳಬಹುದು. ಕೇಳಿದರೆ ಬೇಸರ ಬೇಡ, ಆದರೆ ಓದದೆ ಸಹಿ ಹಾಕಬೇಡಿ. ಮೊತ್ತ ಕಂಪನಿ ನಿಜವಾಗಿ ಖರ್ಚು ಮಾಡಿದ 24 ಸಾವಿರವನ್ನು ಮೀರಬಾರದು. ಒಂದು ವರ್ಷಕ್ಕೆ ಎಂದಾದರೆ ನೀವು ಕೆಲಸ ಮಾಡಿದ ಪ್ರತಿ ತಿಂಗಳಿಗೆ ಎರಡು ಸಾವಿರ ಇಳಿಯುತ್ತಾ ಹೋಗಲಿ ಎಂದು ಕೇಳಿ. ಎಂಟು ತಿಂಗಳ ಮೇಲೆ ಬಿಡಬೇಕಾಗಿ ಬಂದರೆ ನೀವು ಕಟ್ಟಬೇಕಾದದ್ದು ಎಂಟು ಸಾವಿರ ಉಳಿಯುತ್ತದೆ. ನಿಮ್ಮ ಮೂಲ ಪ್ರಮಾಣಪತ್ರಗಳನ್ನು ಮಾತ್ರ ಒತ್ತೆ ಇಡಬೇಡಿ, ಎಷ್ಟೇ ಒತ್ತಾಯಿಸಿದರೂ.

ಕಾಗದ ಕೊಡುವ ದಿನ ‘ಸರ್, ಕೊಚ್ಚಿಯವರಿಗೆ ಸೀಟು ಹೇಳಬೇಕು, ಮುಂದಿನ ಸೋಮವಾರ ಬಂದು ಕೇಳ್ಲಾ?’ ಎಂದು ದಿನ ಗೊತ್ತುಮಾಡಿಕೊಂಡೇ ಎದ್ದು ಬನ್ನಿ. ಆ ಸೋಮವಾರವೂ ‘ದುಡ್ಡಿಲ್ಲ’ ಎಂದರೆ ಶುಲ್ಕವನ್ನು ಮಾತ್ರ ಕಂಪನಿ ಕೊಡಲಿ, ರೈಲು ಮತ್ತು ಊಟ ನನ್ನದು, ರಜೆ ಮಾತ್ರ ಕಡಿಯಬೇಡಿ ಎಂದು ಕೇಳಿ ನೋಡಿ. ಅದಕ್ಕೂ ಆಗಲಿಲ್ಲ ಎಂದರೆ ಮುಂದಿನ ಬ್ಯಾಚಿಗೆ ಹೆಸರು ಬರೆದುಕೊಳ್ಳಲು ಕೇಳಿ, ಹಾಳೆಯ ಒಂದು ಪ್ರತಿಯನ್ನು ನಿಮ್ಮ ಹತ್ತಿರ ಇಟ್ಟುಕೊಳ್ಳಿ. ಆ ಎರಡು ಕಾಲಂಗಳನ್ನು ಪ್ರತಿ ವಾರ ತುಂಬುತ್ತಾ ಹೋಗಿ. ಆಗಸ್ಟ್‌ನಿಂದ ಮತ್ತೆ ಬಂಗಡೆ ಬರುತ್ತದೆ, ಸೀನಿಯರ್ ಮತ್ತೆ ಊರಿಗೆ ಹೋಗುತ್ತಾರೆ.