30 ಸೆಂ.ಮೀ. ಲೇಸರ್‌ನಲ್ಲಿ ಮೋಡ್‌ಗಳ ನಡುವಿನ ಅಂತರ

ಪ್ರಶ್ನೆ: ನಮ್ಮ ಲ್ಯಾಬ್‌ನ ಹೀಲಿಯಂ-ನಿಯಾನ್ ಲೇಸರ್‌ನಲ್ಲಿ ಕನ್ನಡಿಗಳ ನಡುವೆ 30 ಸೆಂ.ಮೀ. ಇದೆ. ಮೋಡ್‌ಗಳ ಅಂತರ ನನಗೆ 1 ಗಿಗಾಹರ್ಟ್ಸ್ ಬರ್ತಿದೆ, ಉತ್ತರ 500 ಮೆಗಾಹರ್ಟ್ಸ್ ಅಂತಾರೆ. ಎಲ್ಲಿ ತಪ್ಪಿದೆ?

ನೀವು c/L ಹಾಕಿದ್ದೀರಿ. ಬೇಕಾಗಿದ್ದು c/2L.

ವೀಣೆಯ ತಂತಿಯನ್ನು ನೆನೆಸಿಕೊಳ್ಳಿ. ಎರಡು ತುದಿಯೂ ಬಿಗಿಯಾಗಿರುವುದರಿಂದ ಅದರಲ್ಲಿ ಅರ್ಧ ಅಲೆಗಳು ಮಾತ್ರ ಲೆಕ್ಕವಾಗಿ ಕೂರುತ್ತವೆ: ಒಂದು, ಎರಡು, ಮೂರು, ಹೀಗೆ. ಎರಡು ಕನ್ನಡಿಗಳ ನಡುವಿನ ಬೆಳಕೂ ಹಾಗೆಯೇ, ಹೀಗೆ ಲೆಕ್ಕವಾಗಿ ಕೂರುವ ಪ್ರತಿಯೊಂದು ಅಲೆಯೂ ಒಂದು ಮೋಡ್. 632.8 ನ್ಯಾನೋಮೀಟರ್ ಕೆಂಪು ಬೆಳಕಿನ ಅರ್ಧ ಅಲೆ 316.4 ನ್ಯಾನೋಮೀಟರ್. 30 ಸೆಂ.ಮೀ.ನಲ್ಲಿ ಅಂಥವು ಸುಮಾರು 9,48,000 ಹಿಡಿಸುತ್ತವೆ. ಅದಕ್ಕೆ ಒಂದೇ ಒಂದು ಅರ್ಧ ಅಲೆ ಸೇರಿಸಿದರೆ ಪಕ್ಕದ ಮೋಡ್ ಸಿಗುತ್ತದೆ. ನೀವು ಒಂದು ಪೂರ್ತಿ ಅಲೆ ಸೇರಿಸಿದ ಹಾಗಾಗಿದೆ, ಅಂದರೆ ಮಧ್ಯದ ಒಂದು ಮೋಡ್ ಬಿಟ್ಟು ಅದರಾಚೆಯದಕ್ಕೆ ಹಾರಿದ್ದೀರಿ.

```
f = q × c / 2L
c / 2L = 3×10^8 / (2 × 0.30) = 5×10^8 Hz
```

ಇಲ್ಲಿ q ಅಂದರೆ ಅರ್ಧ ಅಲೆಗಳ ಸಂಖ್ಯೆ. ಪಕ್ಕಪಕ್ಕದ ಎರಡು ಮೋಡ್‌ಗಳ f ಕಳೆದಾಗ ಅದು ಹೊರಟುಹೋಗುತ್ತದೆ, ಹಾಗಾಗಿ ಅಂತರಕ್ಕೆ L ಒಂದು ಗೊತ್ತಿದ್ದರೆ ಸಾಕು. ಆದರೆ L ಅಂದರೆ ಕನ್ನಡಿಯಿಂದ ಕನ್ನಡಿಗೆ ಇರುವ ದೂರ. ನಾನು ಮೊದಲ ಸಲ ಹೊರಗಿನ ಕವಚವನ್ನೇ ಅಳೆದು 34 ಸೆಂ.ಮೀ. ಹಾಕಿದ್ದೆ. 441 ಮೆಗಾಹರ್ಟ್ಸ್ ಬಂತು, ಅಳತೆಗೆ ಹೊಂದಲೇ ಇಲ್ಲ.

ಈ ಲೇಸರ್‌ನ ಅನಿಲ ಸುಮಾರು 1.5 ಗಿಗಾಹರ್ಟ್ಸ್ ಅಗಲದಲ್ಲಿ ಮಾತ್ರ ಬೆಳಕನ್ನು ಹೆಚ್ಚಿಸುತ್ತದೆ. ಅದರಲ್ಲಿ 500ರ ಅಂತರದಲ್ಲಿ ಎರಡೋ ಮೂರೋ ಮೋಡ್‌ಗಳಿಗೆ ಜಾಗ. ಎರಡೋ ಮೂರೋ ಎಂದಿದ್ದಕ್ಕೆ ಕಾರಣವಿದೆ: ಟ್ಯೂಬ್ ಬಿಸಿಯಾಗಿ ಉದ್ದ ಹಿಗ್ಗುತ್ತದೆ. ಬರೀ 316 ನ್ಯಾನೋಮೀಟರ್ ಹಿಗ್ಗಿದರೆ ಎಲ್ಲ ಮೋಡ್‌ಗಳೂ ಒಂದು ಅಂತರದಷ್ಟು ಜರುಗುತ್ತವೆ. ಒಂದು ಅಂಚಿನಲ್ಲಿ ಒಂದು ಮೋಡ್ ಆರಿಹೋಗುತ್ತದೆ, ಇನ್ನೊಂದು ಅಂಚಿನಲ್ಲಿ ಹೊಸದು ಹುಟ್ಟುತ್ತದೆ. ಅಂತರ ಮಾತ್ರ 500ರ ಹತ್ತಿರವೇ ನಿಲ್ಲುತ್ತದೆ. 1 ಮೈಕ್ರೋಮೀಟರ್ ಹಿಗ್ಗಿದರೂ ಅದು ಬದಲಾಗುವುದು 2 ಕಿಲೋಹರ್ಟ್ಸ್‌ಗಿಂತ ಕಡಿಮೆ.

ಅಳೆದು ನೋಡಬೇಕೆಂದರೆ ವೇಗದ ಫೋಟೋಡಯೋಡ್ ಮೇಲೆ ಬೆಳಕು ಬಿಟ್ಟು ಸ್ಪೆಕ್ಟ್ರಮ್ ಅನಲೈಸರ್‌ನಲ್ಲಿ 500 ಮೆಗಾಹರ್ಟ್ಸ್ ಹತ್ತಿರ ಒಂದು ಗೆರೆ ಹುಡುಕಿ. ಮೊದಲು ಅಲ್ಲಿ ಏನೂ ಕಾಣದಿದ್ದರೆ ಲೆಕ್ಕ ತಪ್ಪೆಂದುಕೊಳ್ಳಬೇಡಿ. ಕನ್ನಡಿಗಳು ಟ್ಯೂಬಿಗೇ ಅಂಟಿರುವ ಸಾಮಾನ್ಯ ಲೇಸರ್‌ಗಳಲ್ಲಿ ಪಕ್ಕಪಕ್ಕದ ಮೋಡ್‌ಗಳ ಧ್ರುವೀಕರಣ ಒಂದಕ್ಕೊಂದು ಲಂಬವಾಗಿರುತ್ತದೆ. ಹಾಗಿದ್ದಾಗ ಅವುಗಳ ನಡುವೆ ಬೀಟ್, ಅಂದರೆ ಎರಡರ ಆವರ್ತನದ ವ್ಯತ್ಯಾಸದಷ್ಟು ವೇಗದಲ್ಲಿ ಬೆಳಕು ಏರಿಳಿಯುವುದು, ಬರುವುದಿಲ್ಲ. ಮಧ್ಯೆ ಒಂದು ಪೋಲರೈಸರ್ ಇಟ್ಟು ನಿಧಾನವಾಗಿ ತಿರುಗಿಸಿ. ಎರಡಕ್ಕೂ 45 ಡಿಗ್ರಿ ಆಗುವ ಕಡೆ ಆ ಗೆರೆ ಎದ್ದು ಕಾಣುತ್ತದೆ.